ರಾಜೀನಾಮೆ ಮೇಲ್ ಮತ್ತು ಕೊನೆಯ ದಿನದ ಲೆಕ್ಕ

ಹೊಸ ಕಂಪನಿಯ ಆಫರ್ ಒಪ್ಪಿಕೊಂಡ ಉದ್ಯೋಗಿ ಈಗಿನ ಮ್ಯಾನೇಜರ್‌ಗೆ ಕಳಿಸುವ ರಾಜೀನಾಮೆ ಮೇಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ತಾರೀಖು: ಕೆಲಸದ ಕೊನೆಯ ದಿನ. ಬಿಡುವ ಕಾರಣ, ಕೃತಜ್ಞತೆ ಒಂದೊಂದು ಸಾಲಿನಲ್ಲಿ ಮುಗಿದರೂ ನಡೆಯುತ್ತದೆ. ತಾರೀಖು ತಪ್ಪಿದರೆ ಮಾತ್ರ ಸಂಬಳದ ಲೆಕ್ಕ, ರಿಲೀವಿಂಗ್ ಲೆಟರ್, ಹೊಸ ಕೆಲಸಕ್ಕೆ ಸೇರುವ ದಿನ ಎಲ್ಲವೂ ಏರುಪೇರಾಗುತ್ತವೆ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಸಾಮಾನ್ಯವಾಗಿ 30, 60 ಅಥವಾ 90 ದಿನ. ಎಷ್ಟೆಂಬುದು ನೇಮಕಾತಿ ಪತ್ರದಲ್ಲಿರುತ್ತದೆ. ಕೆಲಸ ಕಾಯಂ ಆದ ಮೇಲೆ ಅವಧಿ ಬದಲಾಗಿರುವುದೂ ಉಂಟು, ಹಾಗಾಗಿ ಆಮೇಲೆ ಬಂದ ಪತ್ರಗಳನ್ನೂ ನೋಡಬೇಕು. ಹೊಸ ಕಂಪನಿಯ ಆಫರ್ ಲೆಟರ್ ಲಿಖಿತವಾಗಿ ಕೈಸೇರುವವರೆಗೆ, ಎಚ್‌ಆರ್ ಫೋನಿನಲ್ಲಿ ಎಷ್ಟೇ ಭರವಸೆ ಕೊಟ್ಟಿದ್ದರೂ, ಮೇಲ್ ಕಳಿಸಬಾರದು. ಅದು ಕೈಸೇರಿದ ಮೇಲೆ ಮೊದಲು ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ತಿಳಿಸಿ, ಅದೇ ದಿನ ಮೇಲ್ ಕಳಿಸುವುದು ಒಳ್ಳೆಯ ಕ್ರಮ. ಮಾತಿನಲ್ಲಿ ಹೇಳಿ ಸುಮ್ಮನಾದರೆ ನೋಟಿಸ್ ಶುರುವಾದದ್ದಕ್ಕೆ ದಾಖಲೆಯೇ ಇರುವುದಿಲ್ಲ. ಕಂಪನಿಯ ಪೋರ್ಟಲ್‌ನಲ್ಲಿ ರಾಜೀನಾಮೆ ದಾಖಲಿಸಬೇಕೆಂಬ ನಿಯಮವಿದ್ದರೆ ಅದನ್ನೂ ಅಂದೇ ಮುಗಿಸಬೇಕು, ಏಕೆಂದರೆ ಎಷ್ಟೋ ಕಡೆ ಎಚ್‌ಆರ್ ದಿನ ಎಣಿಸುವುದು ಅಲ್ಲಿಂದಲೇ.

ಒಂದು ಉದಾಹರಣೆ: 60 ದಿನದ ನೋಟಿಸ್ ಇರುವ ಉದ್ಯೋಗಿಯೊಬ್ಬರು 2025ರ ಜೂನ್ 2, ಸೋಮವಾರ ಮೇಲ್ ಕಳಿಸುತ್ತಾರೆ. ಮಾರನೆಯ ದಿನದಿಂದ ಎಣಿಸಿದರೆ ಜೂನ್‌ನಲ್ಲಿ 28 ದಿನ, ಜುಲೈನಲ್ಲಿ 31, ಉಳಿದ ಒಂದು ದಿನ ಆಗಸ್ಟ್ 1. ಮೇಲ್ ಕಳಿಸಿದ ದಿನವನ್ನೂ ಸೇರಿಸಿ ಎಣಿಸುವ ಕಂಪನಿಯಲ್ಲಿ ಅದು ಜುಲೈ 31 ಆಗುತ್ತದೆ. ಈ ಗೊಂದಲ ಉಳಿಯದಂತೆ ತಾರೀಖನ್ನೇ ಬರೆದು ಒಪ್ಪಿಗೆ ಕೇಳಬೇಕು. ಮೇಲ್‌ನ ಸಾರ ಇಷ್ಟು:

“ವಿಷಯ: ರಾಜೀನಾಮೆ, ಕೊನೆಯ ದಿನ 1 ಆಗಸ್ಟ್ 2025. ನನ್ನ ಹುದ್ದೆಗೆ ಇಂದು ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ 60 ದಿನಗಳ ನೋಟಿಸ್ ಆಗಸ್ಟ್ 1ಕ್ಕೆ ಮುಗಿಯುತ್ತದೆ. ಈ ತಾರೀಖನ್ನು ದಯವಿಟ್ಟು ಖಚಿತಪಡಿಸಿ. ಕೆಲಸ ವಹಿಸಿಕೊಡುವ ಯೋಜನೆಯನ್ನು ಈ ಶುಕ್ರವಾರದೊಳಗೆ ಕಳಿಸುತ್ತೇನೆ. ಇಲ್ಲಿ ಕಲಿಯಲು ಸಿಕ್ಕ ಅವಕಾಶಕ್ಕೆ ಧನ್ಯವಾದ.”

ಹೊಸ ಕಂಪನಿಯ ಹೆಸರು, ಹೊಸ ಸಂಬಳ, ಹಳೆಯ ಅಸಮಾಧಾನ ಯಾವುದೂ ಇಲ್ಲಿ ಬೇಕಿಲ್ಲ. ಈ ಮೇಲ್ ಉದ್ಯೋಗಿಯ ಕಡತದಲ್ಲಿ ಉಳಿಯುತ್ತದೆ, ಓದುವವರು ಮ್ಯಾನೇಜರ್ ಒಬ್ಬರೇ ಅಲ್ಲ. ಪ್ರತಿಯನ್ನು ಎಚ್‌ಆರ್‌ಗೂ ಕಳಿಸಬೇಕು.

ಹೊಸ ಕಂಪನಿ ಬೇಗ ಬರಲು ಹೇಳಿದರೆ ನೋಟಿಸ್ ಬೈಔಟ್‌ನ ಮಾತು ಬರುತ್ತದೆ. ಈ ಉದ್ಯೋಗಿ ಜುಲೈ 18ಕ್ಕೇ ಹೊರಡಬೇಕೆಂದರೆ 14 ದಿನ ಕಡಿಮೆ ಬೀಳುತ್ತದೆ. ತಿಂಗಳ ಒಟ್ಟು ಸಂಬಳ 60,000 ರೂಪಾಯಿ, ಅದರಲ್ಲಿ ಮೂಲ ವೇತನ 30,000 ಎಂದುಕೊಂಡು ತಿಂಗಳಿಗೆ 30 ದಿನ ಹಿಡಿದರೆ, ಮೂಲ ವೇತನದ ಮೇಲೆ 14,000, ಒಟ್ಟು ಸಂಬಳದ ಮೇಲೆ 28,000 ರೂಪಾಯಿ ಕಟ್ಟಬೇಕಾಗುತ್ತದೆ. ಯಾವ ಲೆಕ್ಕ ಅನ್ವಯಿಸುತ್ತದೆ, ಹಣ ಕಟ್ಟಿ ಹೊರಡುವುದು ಉದ್ಯೋಗಿಯ ಆಯ್ಕೆಯೋ ಕಂಪನಿಯ ಒಪ್ಪಿಗೆಗೆ ಬಿಟ್ಟದ್ದೋ ಎಂಬುದನ್ನು ನೇಮಕಾತಿ ಪತ್ರದಲ್ಲೇ ನೋಡಬೇಕು. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಕೊನೆಯ ದಿನವನ್ನು ಅಷ್ಟೇ ಮುಂದೂಡುವ ಕಂಪನಿಗಳೂ ಇವೆ.

ಮ್ಯಾನೇಜರ್ ಬೇಗ ಬಿಡಲು ಒಪ್ಪದಿರುವುದಕ್ಕೆ ಹಲವು ಸಲ ಹಟ ಕಾರಣವಾಗಿರುವುದಿಲ್ಲ, ಕೆಲಸದ ಸ್ವರೂಪವೇ ಕಾರಣ. ಈ ಉದ್ಯೋಗಿ ಪ್ರತಿ ತಿಂಗಳ ಕೊನೆಗೆ ಗ್ರಾಹಕರ ಬಿಲ್ಲಿಂಗ್ ವರದಿ ತಯಾರಿಸುವವರು ಎಂದಿಟ್ಟುಕೊಳ್ಳೋಣ. ನೋಟಿಸ್ ಅವಧಿಯಲ್ಲಿ ಎರಡು ತಿಂಗಳ ಕೊನೆಗಳು ಬರುತ್ತವೆ. ಜೂನ್ 30ರಂದು ಹೊಸಬರು ಪಕ್ಕದಲ್ಲಿ ಕೂತು ನೋಡಬಹುದು, ಜುಲೈ 31ರಂದು ತಾವೇ ಮಾಡಬಹುದು. ಜುಲೈ 18ಕ್ಕೆ ಹೊರಟರೆ ಎರಡನೆಯದು ತಪ್ಪಿಹೋಗುತ್ತದೆ. ಬೇಗ ಹೊರಡಲೇಬೇಕಾದವರು ಜೂನ್ ತಿಂಗಳ ಅಂಕಿಅಂಶ ಇಟ್ಟುಕೊಂಡು ಜುಲೈ ಮಧ್ಯದಲ್ಲೇ ಹೊಸಬರಿಂದ ಇಡೀ ವರದಿ ಮಾಡಿಸಿ ತೋರಿಸಿದರೆ ಮಾತುಕತೆಗೆ ಆಧಾರ ಸಿಗುತ್ತದೆ.

ಕೆಲಸ ವಹಿಸಿಕೊಡುವುದು, ಆಫೀಸಿನ ಮಾತಿನಲ್ಲಿ ಕೆಟಿ, ದಾಖಲೆ ಬರೆದಿಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಹೊಸಬರು ಯಾರನ್ನೂ ಕೇಳದೆ ವರದಿಯನ್ನು ಕೊನೆ ಮುಟ್ಟಿಸಿದಾಗ ಅದು ಮುಗಿದಂತೆ. ಎಲ್ಲಿ ತಡವರಿಸಿದರೋ ಆ ಹಂತ ದಾಖಲೆಯಲ್ಲಿ ಬಿಟ್ಟುಹೋಗಿದೆ ಎಂದು ತಿಳಿಯಬೇಕು. ಸಾಮಾನ್ಯವಾಗಿ ಬಿಟ್ಟುಹೋಗುವುದು ಒಬ್ಬರ ಹೆಸರಿನಲ್ಲಷ್ಟೇ ಇರುವ ಲಾಗಿನ್ ಅನುಮತಿಗಳು ಮತ್ತು ಅಂಕಿ ತಾಳೆಯಾಗದಾಗ ಯಾರಿಗೆ ಫೋನ್ ಮಾಡಬೇಕು ಎಂಬ ವಿವರ. ಎಲ್ಲ ಮುಗಿದ ಮೇಲೆ ಮ್ಯಾನೇಜರ್‌ರಿಂದ ಮೇಲ್‌ನಲ್ಲೇ ಒಪ್ಪಿಗೆ ಪಡೆಯಬೇಕು.

ಕೊನೆಯ ದಿನ ಕಂಪನಿಯ ಮೇಲ್ ಮುಚ್ಚುತ್ತದೆ. ಅದಕ್ಕೆ ಮೊದಲು ಪೇಸ್ಲಿಪ್, ಫಾರ್ಮ್ 16ರಂಥ ಸ್ವಂತ ದಾಖಲೆಗಳನ್ನಷ್ಟೇ ಇಳಿಸಿಕೊಳ್ಳಬೇಕು, ಕಂಪನಿಯ ಕಡತಗಳನ್ನಲ್ಲ. ರಿಲೀವಿಂಗ್ ಲೆಟರ್ ಮತ್ತು ಅಂತಿಮ ಲೆಕ್ಕದ ವಿಷಯ ಮುಂದೆ ಬರುವುದು ಸ್ವಂತ ಇಮೇಲ್ ವಿಳಾಸಕ್ಕೇ ಆದ್ದರಿಂದ ಅದನ್ನು ಎಚ್‌ಆರ್ ಬಳಿ ಮೊದಲೇ ಕೊಟ್ಟಿರಬೇಕು.