ಬೆಕ್ಕಿಗೆ ರಕ್ತ ಕೊಡುವ ಮುನ್ನ

2013ರಲ್ಲಿ ನ್ಯೂಜಿಲೆಂಡಿನ ಟೌರಂಗಾ ಊರಿನಲ್ಲಿ ರೋರಿ ಎಂಬ ಬೆಕ್ಕು ಇಲಿಪಾಷಾಣ ತಿಂದು ಸಾವಿನ ಅಂಚಿಗೆ ಬಂತು. ತುರ್ತಾಗಿ ರಕ್ತ ಬೇಕಿತ್ತು; ಆದರೆ ಗುಂಪು ಪರೀಕ್ಷಿಸುವ ಲ್ಯಾಬ್ ಆ ಹೊತ್ತಿಗೆ ಮುಚ್ಚಿತ್ತು. ಪಶುವೈದ್ಯರು ರೋರಿಗೆ ಏರಿಸಿದ್ದು ಮೇಸಿ ಎಂಬ ಲ್ಯಾಬ್ರಡಾರ್ ನಾಯಿಯ ರಕ್ತವನ್ನು. ರೋರಿ ಬದುಕಿತು.

ನಾಯಿಯ ರಕ್ತ ಒಗ್ಗಿತು, ಗುಂಪು ಗೊತ್ತಿಲ್ಲದ ಬೆಕ್ಕಿನ ರಕ್ತಕ್ಕೆ ವೈದ್ಯರು ಹೆದರಿದರು ಎಂದರೆ ವಿಚಿತ್ರ ಅನ್ನಿಸಬಹುದು. ಬೆಕ್ಕುಗಳಿಗೆ ಸಾಮಾನ್ಯವಾಗಿ ನಾಯಿಯ ರಕ್ತಕಣಗಳ ವಿರುದ್ಧ ಮೊದಲೇ ಸಿದ್ಧವಾದ ಪ್ರತಿಕಾಯಗಳು ಇರುವುದಿಲ್ಲ. ಹಾಗಾಗಿ ಒಂದು ಸಲ ಅದು ನಡೆಯುತ್ತದೆ. ಆದರೂ ವಾರದೊಳಗೆ ಆ ಕಣಗಳೆಲ್ಲ ನಾಶವಾಗುತ್ತವೆ, ಎರಡನೆಯ ಸಲ ಕೊಟ್ಟರೆ ಪ್ರಾಣಕ್ಕೇ ಎರವಾಗಬಹುದು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಮಾಡುವ ಚಿಕಿತ್ಸೆ ಇದು.

ಬೆಕ್ಕುಗಳಲ್ಲಿ ಮುಖ್ಯವಾಗಿ ಎ, ಬಿ, ಎಬಿ ಎಂಬ ಮೂರು ಗುಂಪುಗಳಿವೆ. ಹೆಸರು ಒಂದೇ ಆದರೂ ಮನುಷ್ಯರ ಗುಂಪುಗಳಿಗೂ ಇವಕ್ಕೂ ಸಂಬಂಧವಿಲ್ಲ. ಎಲ್ಲರಿಗೂ ಕೊಡಬಹುದಾದ ಓ ಗುಂಪಿನಂಥದ್ದು ಬೆಕ್ಕುಗಳಲ್ಲಿ ಇಲ್ಲವೇ ಇಲ್ಲ. ಬಹುಪಾಲು ಬೆಕ್ಕುಗಳದು ಎ ಗುಂಪು. ಎಬಿ ತೀರ ಅಪರೂಪ. ಬಿ ಕೂಡ ಕಡಿಮೆಯೇ, ಆದರೆ ಬ್ರಿಟಿಷ್ ಶಾರ್ಟ್‌ಹೇರ್, ಡೆವನ್ ರೆಕ್ಸ್‌ನಂಥ ತಳಿಗಳಲ್ಲಿ ಸಾಕಷ್ಟು ಕಾಣುತ್ತದೆ.

ಅಪಾಯ ಇರುವುದು ಈ ಬಿ ಬೆಕ್ಕಿಗೇ. ಎಂದೂ ರಕ್ತ ಪಡೆಯದಿದ್ದರೂ ಅದರ ಮೈಯಲ್ಲಿ ಎ ಕಣಗಳನ್ನು ಒಡೆಯುವ ಪ್ರಬಲ ಪ್ರತಿಕಾಯಗಳು ಮರಿಯಾಗಿದ್ದಾಗಲೇ ಬೆಳೆದಿರುತ್ತವೆ. ಎ ರಕ್ತ ಒಂದೇ ಮಿಲಿಲೀಟರ್ ಒಳಹೊಕ್ಕರೂ ಸಾವು ಸಂಭವಿಸಬಹುದು. ಎ ಬೆಕ್ಕಿಗೆ ಬಿ ರಕ್ತ ಕೊಟ್ಟಾಗ ಅನಾಹುತ ಸಾಮಾನ್ಯವಾಗಿ ಇಷ್ಟು ಘೋರವಾಗಿರುವುದಿಲ್ಲ. ಆದರೆ ಕೊಟ್ಟ ಕಣಗಳು ಕೆಲವೇ ದಿನಗಳಲ್ಲಿ ನಾಶವಾಗಿ ಚಿಕಿತ್ಸೆ ವ್ಯರ್ಥವಾಗುತ್ತದೆ.

ಗುಂಪು ತಿಳಿಯಲು ಕಾರ್ಡ್ ಮಾದರಿಯ ಕಿಟ್‌ಗಳಿವೆ, ಕೆಲವು ನಿಮಿಷ ಸಾಕು. ಅಷ್ಟಕ್ಕೇ ನಿಲ್ಲಬಾರದು ಎಂಬುದಕ್ಕೆ 2007ರಲ್ಲಿ ಕಾರಣ ಸಿಕ್ಕಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ‘ಮಿಕ್’ ಎಂಬ ಬೇರೊಂದು ಪ್ರತಿಜನಕವನ್ನು ಗುರುತಿಸಿತು. ಇದು ಎ, ಬಿ ಲೆಕ್ಕಕ್ಕೆ ಸೇರುವುದಿಲ್ಲ. ಗುಂಪು ಹೊಂದಿದರೂ ಮೊದಲ ಸಲವೇ ರಕ್ತ ಒಗ್ಗದಿರಲು ಇದೂ ಒಂದು ಕಾರಣ. ಇಂಥ ಹೊಂದಾಣಿಕೆ ತಪ್ಪನ್ನು ಹಿಡಿಯಲು ಇರುವ ದಾರಿಯೇ ಕ್ರಾಸ್‌ಮ್ಯಾಚ್.

ವಿಧಾನ ಕಷ್ಟದ್ದಲ್ಲ. ಎರಡೂ ಬೆಕ್ಕುಗಳ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುತ್ತಾರೆ. ದಾನಿಯ ಕೆಂಪು ಕಣಗಳನ್ನು ಸಲೈನ್‌ನಲ್ಲಿ ಮೂರು ಸಲ ತೊಳೆದು, ತೆಳ್ಳಗೆ ಕದಡಿ, ಅದರ ಒಂದು ಹನಿಗೆ ರೋಗಿಯ ಪ್ಲಾಸ್ಮಾದ ಎರಡು ಹನಿ ಬೆರೆಸುತ್ತಾರೆ. 37 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಇಟ್ಟು, ಮತ್ತೊಮ್ಮೆ ತಿರುಗಿಸಿ ನೋಡುತ್ತಾರೆ. ಕಣಗಳು ಒಡೆದ ಹಾಲಿನಂತೆ ಗಂಟುಗಂಟಾದರೆ, ಅಥವಾ ಮೇಲಿನ ತಿಳಿ ಕೆಂಪಾದರೆ, ಆ ದಾನಿಯ ರಕ್ತ ಬೇಡ. ಜೊತೆಗೆ ರೋಗಿಯ ಕಣಗಳನ್ನು ಅದರದೇ ಪ್ಲಾಸ್ಮಾದೊಂದಿಗೆ ಬೆರೆಸಿದ ಇನ್ನೊಂದು ಟ್ಯೂಬ್ ಇರಲೇಬೇಕು. ಕೆಲವು ಕಾಯಿಲೆಗಳಲ್ಲಿ ರಕ್ತ ತಾನಾಗಿಯೇ ಗಂಟುಕಟ್ಟುತ್ತದೆ. ಈ ಟ್ಯೂಬಿನಲ್ಲೂ ಗಂಟು ಕಂಡರೆ ಮೊದಲ ಟ್ಯೂಬಿನ ಫಲಿತಾಂಶವನ್ನು ನಂಬುವಂತಿಲ್ಲ.

ನಾಲ್ಕು ಕಿಲೋ ತೂಕದ ಒಂದು ಬೆಕ್ಕನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಶೇ. 12ಕ್ಕೆ ಇಳಿದಿದೆ, ಅದನ್ನು ಶೇ. 18ಕ್ಕೆ ಏರಿಸಬೇಕು. ಶೇ. 1 ಏರಲು ಕಿಲೋಗೆ ಸುಮಾರು 2 ಮಿಲಿಲೀಟರ್ ಎಂಬ ಲೆಕ್ಕದಲ್ಲಿ 48 ಮಿಲಿಲೀಟರ್ ಬೇಕು. ಆರೋಗ್ಯವಂತ ದಾನಿ ಬೆಕ್ಕು ಒಮ್ಮೆಗೆ ಕೊಡಬಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಅರ್ಧ ಗಂಟೆ ಗಂಟೆಗೆ 2 ಮಿಲಿಲೀಟರ್ ವೇಗದಲ್ಲಿ ಕೊಡುತ್ತಾರೆ, ಅಂದರೆ ಅಷ್ಟರಲ್ಲಿ ಹೋಗುವುದು ಒಂದೇ ಮಿಲಿಲೀಟರ್. ಬಿ ಬೆಕ್ಕಿನ ಪ್ರಾಣ ತೆಗೆಯಲು ಅಷ್ಟೂ ಸಾಕಾಗಬಹುದು. ಹಾಗಾಗಿ ‘ನಿಧಾನವಾಗಿ ಕೊಟ್ಟು ನೋಡೋಣ’ ಎಂಬುದು ಪರೀಕ್ಷೆಗೆ ಬದಲಿಯಲ್ಲ. ಎಲ್ಲ ಸರಿಯಿದ್ದರೆ ವೇಗ ಹೆಚ್ಚಿಸಿ, ಒಟ್ಟು ನಾಲ್ಕು ಗಂಟೆಯೊಳಗೆ ಮುಗಿಸುತ್ತಾರೆ.

ಆ ಮೊದಲ ಅರ್ಧ ಗಂಟೆ ಯಾರಾದರೂ ಬೆಕ್ಕಿನ ಪಕ್ಕದಲ್ಲೇ ಇರಬೇಕು. ತೀವ್ರ ಪ್ರತಿಕ್ರಿಯೆ ಒಂದೆರಡು ನಿಮಿಷದಲ್ಲೇ ಶುರುವಾಗಬಹುದು: ಚಡಪಡಿಕೆ, ವಿಕಾರವಾದ ಕೂಗು, ಜೊಲ್ಲು, ವಾಂತಿ, ಇದ್ದಲ್ಲೇ ಮಲಮೂತ್ರ. ನಾಡಿ ಏರುವ ಬದಲು ಇಳಿಯುವುದೂ ಉಂಟು. ಉಸಿರು ಕೆಲ ಕ್ಷಣ ನಿಂತೇಬಿಡಬಹುದು. ಸ್ವಲ್ಪ ತಡವಾಗಿ ಮೂತ್ರ ಕೆಂಪು-ಕಂದು ಬಣ್ಣಕ್ಕೆ ತಿರುಗಿದರೆ ಕಣಗಳು ಒಡೆದಿವೆ ಎಂದರ್ಥ. ಮುಖ ಊದಿ ತುರಿಸಿದರೆ ಅಲರ್ಜಿ. ಮೈ ಬಿಸಿ ಒಂದು ಡಿಗ್ರಿ ಏರಿದರೂ ಲಕ್ಷ್ಯ ಕೊಡಬೇಕು. ಇವುಗಳಲ್ಲಿ ಯಾವುದು ಕಂಡರೂ ಮೊದಲು ರಕ್ತ ನಿಲ್ಲಿಸಬೇಕು. ಸೂಜಿ ಮಾತ್ರ ಕೀಳಬಾರದು, ಔಷಧಿ ಹೋಗಬೇಕಾದದ್ದು ಅದೇ ದಾರಿಯಲ್ಲಿ. ಆಮೇಲೆ ಚೀಲದ ಮೇಲಿನ ಗುಂಪನ್ನು ಮತ್ತೆ ತಾಳೆ ನೋಡಿ, ರೋಗಿಯ ರಕ್ತ ತಿರುಗಿಸಿ, ಪ್ಲಾಸ್ಮಾ ಕೆಂಪಾಗಿದೆಯೇ ಎಂದು ಪರೀಕ್ಷಿಸುತ್ತಾರೆ.

ಮನೆಯ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಗೋ ಇನ್ನಾವುದಕ್ಕೋ ಹೇಗೂ ರಕ್ತ ತೆಗೆಯುವಾಗ ಗುಂಪನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ, ಲಸಿಕೆ ಪುಸ್ತಕದಲ್ಲಿ ಬರೆಸಿಡಿ. ಹಿಂದೆ ರಕ್ತ ಪಡೆದಿದ್ದರೆ ಆ ದಿನಾಂಕವನ್ನೂ ಸೇರಿಸಿ.