ಬ್ಯಾಟರಿಯ ಹಿಂಬದಿಯ 26 ಅಕ್ಷರಗಳು

2007ರ ಆಗಸ್ಟ್ 14ರಂದು ನೋಕಿಯಾ ಕಂಪನಿ ಜಗತ್ತಿನಾದ್ಯಂತ ತನ್ನ ಗ್ರಾಹಕರಿಗೆ ಒಂದು ಸೂಚನೆ ಹೊರಡಿಸಿತು. ಬಿಎಲ್-5ಸಿ ಮಾದರಿಯ ಬ್ಯಾಟರಿಗಳಲ್ಲಿ ಕೆಲವು ಚಾರ್ಜಿಗೆ ಹಾಕಿದಾಗ ವಿಪರೀತ ಬಿಸಿಯಾಗಬಹುದು, ಅಂಥವನ್ನು ಉಚಿತವಾಗಿ ಬದಲಿಸಿಕೊಡುತ್ತೇವೆ ಎಂಬುದು ಅದರ ಸಾರ. ಟಾರ್ಚ್ ಇದ್ದ 1100ರಿಂದ ಹಿಡಿದು ಆಗಿನ ದುಬಾರಿ 6600ರವರೆಗೆ ಎಷ್ಟೋ ಫೋನುಗಳಲ್ಲಿ ಇದ್ದದ್ದು ಇದೇ ಬ್ಯಾಟರಿ. ನಮ್ಮ ದೇಶದಲ್ಲಿ ಸುದ್ದಿ ಹರಡುವ ಹೊತ್ತಿಗೆ 'ಕೆಲವು' ಎಂಬ ಮಾತು ಬಿದ್ದುಹೋಗಿ, ನೋಕಿಯಾ ಬ್ಯಾಟರಿಗಳೆಲ್ಲ ಸಿಡಿಯುತ್ತವಂತೆ ಎಂದಾಯಿತು. ಸರ್ವೀಸ್ ಸೆಂಟರುಗಳ ಮುಂದೆ ಜನ ನೆರೆದರು.

ಸೂಚನೆಯನ್ನು ನಿಧಾನವಾಗಿ ಓದಿದ್ದರೆ ಅದರಲ್ಲಿದ್ದ ಗೆರೆ ಬಹಳ ಸ್ಪಷ್ಟವಾಗಿತ್ತು. ಈ ಮಾದರಿಯ ಬ್ಯಾಟರಿಗಳನ್ನು ಹಲವು ಕಂಪನಿಗಳು ನೋಕಿಯಾಗೆ ತಯಾರಿಸಿಕೊಡುತ್ತಿದ್ದವು. ಎಲ್ಲ ಸೇರಿ 30 ಕೋಟಿಗೂ ಹೆಚ್ಚು. ಅವುಗಳಲ್ಲಿ ಜಪಾನಿನ ಮತ್ಸುಶಿತಾ ಕಂಪನಿ 2005ರ ಡಿಸೆಂಬರಿನಿಂದ 2006ರ ನವೆಂಬರಿನ ನಡುವೆ ತಯಾರಿಸಿದ 4.6 ಕೋಟಿ ಬ್ಯಾಟರಿಗಳಿಗೆ ಮಾತ್ರ ಸೂಚನೆ ಅನ್ವಯಿಸುತ್ತಿತ್ತು. ಅಲ್ಲಿಯವರೆಗೆ ಜಗತ್ತಿನಲ್ಲಿ ಬಿಸಿಯಾದ ಪ್ರಕರಣಗಳು ಸುಮಾರು 100. ಯಾರಿಗೂ ಗಂಭೀರ ಗಾಯವಾಗಿರಲಿಲ್ಲ.

ಒಬ್ಬ ತಯಾರಕ, ಒಂದು ಅವಧಿ ಎಂದು ಹೀಗೆ ಬೇಲಿ ಹಾಕುವುದಕ್ಕೆ ಕಾರಣವಿದೆ. ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ಧನ ಮತ್ತು ಋಣ ಪದರಗಳ ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಲೋಹದ ಚೂರೋ ಮಡಿಕೆಯ ದೋಷವೋ ಅದನ್ನು ತೂತು ಮಾಡಿದರೆ ಎರಡು ಪದರಗಳೂ ತಾಗಿ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಶಾಖ ಏರಿ, ಒಳಗಿನ ದ್ರಾವಣ ಅನಿಲವಾಗಿ, ಬ್ಯಾಟರಿ ಉಬ್ಬುತ್ತದೆ. ಇಂಥ ದೋಷ ಒಂದು ಯಂತ್ರದಿಂದಲೋ ಒಂದು ಕಂತಿನ ಕಚ್ಚಾವಸ್ತುವಿನಿಂದಲೋ ಬಂದಿದ್ದರೆ, ಆ ಕಾಲದಲ್ಲಿ ಅಲ್ಲಿಂದ ಹೊರಬಂದ ಮಾಲಿಗೆಲ್ಲ ಅಂಟಿಕೊಂಡಿರಬಹುದು. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹಾಗಾಗಿಯೇ ನೂರು ಪ್ರಕರಣಗಳಿಗೆ ಕೋಟಿಗಟ್ಟಲೆ ಬ್ಯಾಟರಿಗಳನ್ನು ಬದಲಿಸಲು ಮುಂದಾಗಬೇಕಾಯಿತು.

ಗ್ರಾಹಕ ಮಾಡಬೇಕಾದದ್ದು ಇಷ್ಟೆ. ಫೋನ್ ಆಫ್ ಮಾಡಿ, ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿ ಹೊರತೆಗೆಯಬೇಕು. ಮೇಲೆ ಬಿಎಲ್-5ಸಿ ಎಂದಿಲ್ಲದಿದ್ದರೆ ಚಿಂತೆಯಿಲ್ಲ. ಇದ್ದರೆ ಬ್ಯಾಟರಿಯನ್ನು ತಿರುವಿ, ಹಿಂಬದಿಯಲ್ಲಿ ಸಣ್ಣದಾಗಿ ಅಚ್ಚಾಗಿರುವ 26 ಅಕ್ಷರ-ಅಂಕಿಗಳನ್ನು ಬರೆದುಕೊಂಡು ಕಂಪನಿಗೆ ಕೊಡಬೇಕು. ಅದು ಸದೋಷ ಕಂತಿನದೋ ಅಲ್ಲವೋ ಎಂಬ ಉತ್ತರ ಬರುತ್ತಿತ್ತು; ಹೌದಾದರೆ ಹೊಸ ಬ್ಯಾಟರಿ ಉಚಿತ. ಇಂಟರ್ನೆಟ್ ಮನೆಮನೆಗೆ ಬಂದಿರದ ನಮ್ಮಲ್ಲಿ ಎಸ್ಸೆಮ್ಮೆಸ್ ಮೂಲಕವೂ ಕೇಳಬಹುದಿತ್ತು. ಸೊನ್ನೆಯೋ 'ಓ' ಅಕ್ಷರವೋ ತಿಳಿಯದಷ್ಟು ಸಣ್ಣ ಅಚ್ಚನ್ನು ನೋಡಿ 26 ಅಕ್ಷರಗಳನ್ನು ತಪ್ಪದೆ ಬರೆಯುವುದು ವಯಸ್ಸಾದವರಿಗೆ ಸುಲಭದ ಕೆಲಸವಲ್ಲ. ನಕಲಿ ಬ್ಯಾಟರಿ ಹಾಕಿಸಿಕೊಂಡಿದ್ದವರಿಗಂತೂ ಈ ಸೂಚನೆಯಿಂದ ಏನೂ ಉಪಯೋಗವಿರಲಿಲ್ಲ. ಕಂಪನಿಯ ಪಟ್ಟಿಯಲ್ಲಿ ಇಲ್ಲ ಎಂದಮಾತ್ರಕ್ಕೆ ನಕಲಿ ಮಾಲು ಸುರಕ್ಷಿತವಾಗುವುದಿಲ್ಲ.

ನನಗೆ ಆ ಸೂಚನೆಯಲ್ಲಿ ಕೊರತೆ ಕಂಡದ್ದು ಬೇರೊಂದು ಕಡೆ. ಬದಲಿ ಬ್ಯಾಟರಿ ಕೈಸೇರುವವರೆಗೆ ಏನು ಮಾಡಬೇಕು? ಚಾರ್ಜ್ ಆಗುವಾಗ ಫೋನಿನ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು ಎಂಬಷ್ಟೇ ಸಲಹೆ ಅದರಲ್ಲಿತ್ತು. ರಾತ್ರಿ ಚಾರ್ಜಿಗೆ ಹಾಕಿ ಮಲಗುವವರೇ ಹೆಚ್ಚು. ಅವರಿಗೆ ಇದು ಸಾಲದು. ಪಟ್ಟಿಯಲ್ಲಿರುವ ಬ್ಯಾಟರಿಯನ್ನು ಚಾರ್ಜ್ ಮಾಡಲೇಬೇಡಿ ಎಂದು ಮೊದಲ ಸಾಲಿನಲ್ಲೇ ಹೇಳಬೇಕಿತ್ತು. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬೆಂಕಿ ಹತ್ತಿದಾಗ, ಫೋನ್ ಆಫ್ ಮಾಡಿ, ಬಳಸಬೇಡಿ ಎಂದು ಕಂಪನಿಯೇ ನೇರವಾಗಿ ಹೇಳಿತು. ಆದರೆ ಅಲ್ಲಿ ಬದಲಿಗೆ ಕೊಟ್ಟ ಫೋನುಗಳಿಗೂ ಬೆಂಕಿ ಹತ್ತಿತು. ಅವುಗಳ ಬ್ಯಾಟರಿ ಬೇರೊಬ್ಬ ತಯಾರಕನದು, ದೋಷವೂ ಬೇರೆ. ಬದಲಿ ಮಾಲಿನಲ್ಲಿ ಏನು ಸರಿಪಡಿಸಲಾಗಿದೆ ಎಂದು ಗ್ರಾಹಕರು ಕೇಳಿ ತಿಳಿಯಬೇಕಾದದ್ದು ಇದಕ್ಕಾಗಿಯೇ.

ಈಗ ನಮ್ಮಲ್ಲಿ ಕಂಪನಿಯ ಮನಸ್ಸಿಗೇ ಎಲ್ಲ ಬಿಟ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ, ತನಿಖೆಯ ನಂತರ, ಅಪಾಯಕಾರಿ ಸರಕನ್ನು ಹಿಂಪಡೆಯುವಂತೆ, ಕೊಂಡವರಿಗೆ ಹಣ ಮರಳಿಸುವಂತೆ ಆದೇಶಿಸುವ ಅಧಿಕಾರವಿದೆ. ಅಂಗಡಿಯವರೋ ಕಂಪನಿಯೋ ಬದಲಿ ಕೊಡಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಂತಿನ ಸಂಖ್ಯೆಯ ಫೋಟೊ, ಬಿಲ್ಲು ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಹಿಂಪಡೆದ ಬ್ಯಾಟರಿಯನ್ನು ಕೊರಿಯರಿನಲ್ಲಿ ಕಳಿಸಲು ಹೋಗಬೇಡಿ. ದೋಷವಿರುವ ಲಿಥಿಯಂ ಬ್ಯಾಟರಿಗಳಿಗೆ ವಿಮಾನದಲ್ಲಿ ನಿಷೇಧವಿದೆ. ಹೊಳೆಯುವ ಲೋಹದ ತುದಿಗಳ ಮೇಲೆ ಟೇಪು ಅಂಟಿಸಿ, ಕೀ, ಚಿಲ್ಲರೆ ಇರುವ ಜೇಬಿಗೆ ಹಾಕದೆ, ಸರ್ವೀಸ್ ಸೆಂಟರಿಗೋ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಒಪ್ಪಿಸಿ. ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಕಸದ ಗಾಡಿಗೆ ಹಾಕಬೇಡಿ. ಆ ಗಾಡಿಯಲ್ಲಿ ಅದು ಅಪ್ಪಚ್ಚಿಯಾಗಿ ಬೆಂಕಿ ಹೊತ್ತಿಕೊಂಡರೆ, ಹತ್ತಿರದಲ್ಲಿರುವವರು ನಮ್ಮ ಪೌರಕಾರ್ಮಿಕರು.