ಪಾಸ್ ನಿಲ್ಲಿಸಿದರೂ ಹಣ ಏಕೆ ಕಡಿತವಾಗುತ್ತದೆ?

ಕ್ಯಾಬ್ ಅಥವಾ ಬಾಡಿಗೆ ಬೈಕಿನ ತಿಂಗಳ ಪಾಸ್ ಬೇಡವೆನಿಸಿದಾಗ ಹಲವರು ಆ್ಯಪನ್ನು ಫೋನಿನಿಂದ ಅಳಿಸಿ ಸುಮ್ಮನಾಗುತ್ತಾರೆ. ಮುಂದಿನ ತಿಂಗಳು ಖಾತೆಯಿಂದ ಹಣ ಹೋದಾಗಲೇ ಗಾಬರಿ. ಆ್ಯಪ್ ಹೋದರೂ ಬ್ಯಾಂಕಿಗೆ ಕೊಟ್ಟ ಒಪ್ಪಿಗೆ ಹಾಗೇ ಉಳಿದಿರುತ್ತದೆ. ಸದಸ್ಯತ್ವ ಕಂಪನಿಯ ಲೆಕ್ಕದಲ್ಲಿದ್ದರೆ, ಆಟೋಪೇ ಒಪ್ಪಿಗೆ ಬ್ಯಾಂಕಿನ ಲೆಕ್ಕದಲ್ಲಿರುತ್ತದೆ.

ಒಬ್ಬರು ಜೂನ್ 6ರಂದು 600 ರೂಪಾಯಿ ಕೊಟ್ಟು 30 ದಿನಕ್ಕೆ 20 ಸವಾರಿಯ ಪಾಸ್ ಪಡೆದಿದ್ದಾರೆ ಎಂದುಕೊಳ್ಳೋಣ. ಜೂನ್ 28ರ ಹೊತ್ತಿಗೆ ಕಚೇರಿಯ ಬಸ್ಸು ಸಿಕ್ಕಿತು, ಪಾಸ್ ಬೇಡವಾಯಿತು. 6 ಸವಾರಿ ಬಾಕಿ, ಅಂದರೆ 180 ರೂಪಾಯಿ ಬೆಲೆಯವು. ನವೀಕರಣ ಜುಲೈ 6ಕ್ಕೆ. ಅವರು ಮೊದಲು ನೋಡಬೇಕಾದದ್ದು ರದ್ದತಿಯನ್ನು ಖಚಿತಪಡಿಸುವ ಪರದೆಯ ಸಣ್ಣಕ್ಷರ. ಕೆಲವು ಪಾಸ್‌ಗಳು ಹಣ ಕೊಟ್ಟ ಅವಧಿ ಮುಗಿಯುವವರೆಗೆ ಚಾಲ್ತಿಯಲ್ಲಿರುತ್ತವೆ. ಅಂಥದ್ದಾದರೆ ಇವತ್ತೇ ರದ್ದು ಮಾಡಿ, ನಿಶ್ಚಿಂತೆಯಿಂದ ಓಡಾಡಬಹುದು. ಒತ್ತಿದ ಕೂಡಲೇ ಸವಾರಿಗಳು ಅಳಿಸಿಹೋಗುವ ಪಾಸಾದರೆ, ಮೊದಲು ಅವನ್ನು ಬಳಸಿ, ಜುಲೈ 4ರೊಳಗೆ ರದ್ದು ಮಾಡುವುದು ಜಾಣತನ.

ಆ ಎರಡು ದಿನದ ಅಂತರಕ್ಕೆ ಕಾರಣವಿದೆ. ಸ್ವಯಂಚಾಲಿತ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು, ಆಗಲೂ ಅವರು ಬೇಡವೆನ್ನಬಹುದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಆ ಸಂದೇಶ ಜಾಹೀರಾತುಗಳ ರಾಶಿಯಲ್ಲಿ ಕಣ್ತಪ್ಪುವುದು ಸುಲಭ. ಮೆಟ್ರೊದಲ್ಲೂ ಬಸ್ಸಿನಲ್ಲೂ ನಡೆಯುವ ಎನ್‌ಸಿಎಂಸಿ ಕಾರ್ಡಿಗೆ ಬ್ಯಾಲೆನ್ಸ್ ಇಳಿದಾಗ ತಾನಾಗಿ ಹಣ ತುಂಬುವ ವ್ಯವಸ್ಥೆ ಮಾಡಿಕೊಂಡಿದ್ದರೆ ಈ ಮುನ್ಸೂಚನೆಯೂ ಕಡ್ಡಾಯವಲ್ಲ. 2024ರ ಆಗಸ್ಟ್‌ನಲ್ಲಿ ಅದಕ್ಕೆ ವಿನಾಯಿತಿ ಸಿಕ್ಕಿದೆ. ಪ್ರಯಾಣ ನಿಲ್ಲಿಸುವವರು ಅದನ್ನು ತಾವೇ ನೆನಪಿಟ್ಟು ತೆಗೆಯಬೇಕು.

ಸದಸ್ಯತ್ವ ರದ್ದಾದ ಮೇಲೆ ಯುಪಿಐ ಆ್ಯಪಿನ ‘ಆಟೋಪೇ’ ವಿಭಾಗ ತೆರೆದು, ಆ ಕಂಪನಿಯ ಹೆಸರಿನಲ್ಲಿರುವ ಒಪ್ಪಿಗೆಯನ್ನೂ ಹಿಂಪಡೆಯಬೇಕು. ‘ಪಾಸ್’ ಅಂದರೆ ತಾತ್ಕಾಲಿಕ ತಡೆಯಷ್ಟೇ. ‘ಕ್ಯಾನ್ಸಲ್’ ಅಥವಾ ‘ರಿವೋಕ್’ ಆರಿಸಬೇಕು. ಇಲ್ಲಿ ಯುಪಿಐ ಪಿನ್ ಕೇಳುವುದು ಸಹಜ. ಆದರೆ ಮರುಪಾವತಿ ಕೊಡುತ್ತೇವೆಂದು ಯಾರಾದರೂ ಕರೆಮಾಡಿ ಪಿನ್ ಹಾಕಲು ಹೇಳಿದರೆ ಅದು ಮೋಸವೇ, ಏಕೆಂದರೆ ಹಣ ಪಡೆಯಲು ಪಿನ್ ಬೇಕಿಲ್ಲ.

ವ್ಯಾಲೆಟ್‌ನಲ್ಲಿ ಉಳಿದ ಹಣದ ದಾರಿ ಬೇರೆ. ರಿಸರ್ವ್ ಬ್ಯಾಂಕಿನ ಅನುಮತಿಯಿರುವ, ಪೂರ್ಣ ಕೆವೈಸಿ ಮಾಡಿಸಿದ ವ್ಯಾಲೆಟ್ಟಾದರೆ ಅದನ್ನು ಬ್ಯಾಂಕ್ ಖಾತೆಗೆ ಕಳಿಸಬಹುದು. ಕಂಪನಿ ತನ್ನ ಸೇವೆಗಷ್ಟೇ ಇಟ್ಟುಕೊಂಡ ವ್ಯಾಲೆಟ್ಟಿಗೆ ಆ ನಿಯಮಗಳು ತಾಗುವುದಿಲ್ಲ, ಕಂಪನಿಯ ಷರತ್ತೇ ಅಲ್ಲಿ ಅಂತಿಮ. ಅಂಥ ಕಡೆ ಹಣವನ್ನು ಸವಾರಿಗಳಲ್ಲಿ ಖರ್ಚು ಮಾಡಿ ಮುಗಿಸುವುದೇ ಲೇಸು. ಬೈಕಿಗೆ ಕಟ್ಟಿದ ಭದ್ರತಾ ಠೇವಣಿ ಈ ಬ್ಯಾಲೆನ್ಸಿನಲ್ಲಿ ಸೇರಿರುವುದಿಲ್ಲ. ಅದನ್ನು ಬೇರೆಯಾಗಿ ಕೇಳಿ, ಕೋರಿಕೆಯ ಸಂಖ್ಯೆ ಬಂದ ಮೇಲೆ ಆ್ಯಪ್ ಅಳಿಸಬೇಕು.